ಖಾತೆಯಿಂದ ಹೋಯಿತು, ಆ್ಯಪ್‌ಗೆ ಬರಲಿಲ್ಲ

ಷೇರುಪೇಟೆ ಬೆಳಗ್ಗೆ ಒಂಬತ್ತೂಕಾಲಿಗೆ ತೆರೆಯುತ್ತದೆ. 2025ರ ನವೆಂಬರ್ 10, ಸೋಮವಾರ. ಪೇಟೆ ತೆರೆಯಲು ಐದಾರು ನಿಮಿಷ ಇರುವಾಗ ದಾವಣಗೆರೆಯ ಶಿಕ್ಷಕಿಯೊಬ್ಬರು ತಮ್ಮ ಬ್ರೋಕರ್ ಆ್ಯಪ್‌ನಲ್ಲಿ ಹಣ ಸೇರಿಸುವ ಗುಂಡಿ ಒತ್ತಿ, ಯುಪಿಐ ಮೂಲಕ 40,000 ರೂಪಾಯಿ ಕಳಿಸಿದರು ಎಂದಿಟ್ಟುಕೊಳ್ಳೋಣ. ಪಿನ್ ಹಾಕಿದ್ದಾಯಿತು. ಬ್ಯಾಂಕಿನಿಂದ ‘ನಿಮ್ಮ ಖಾತೆಯಿಂದ 40,000 ರೂ. ಕಡಿತವಾಗಿದೆ’ ಎಂಬ ಮೆಸೇಜ್ ಬಂತು. ಯುಪಿಐ ಆ್ಯಪ್‌ನಲ್ಲಿ ಚಕ್ರ ತಿರುಗುತ್ತಲೇ ಇತ್ತು, ಆಮೇಲೆ ‘ಪೆಂಡಿಂಗ್’ ಎಂದಿತು. ಬ್ರೋಕರ್ ಆ್ಯಪ್‌ನಲ್ಲಿ ಬಾಕಿ ಮೊತ್ತ ಸೊನ್ನೆ.

ಇದು ಊಹೆಯ ಪ್ರಕರಣ. ಆದರೆ ಇದರಲ್ಲಿ ಅಪರೂಪದ್ದೇನೂ ಇಲ್ಲ. ಇಂಥ ಹೊತ್ತಿನಲ್ಲಿ ಜನ ಮಾಡುವುದು ಎರಡೇ: ಇನ್ನೊಮ್ಮೆ 40,000 ಕಳಿಸುವುದು, ಇಲ್ಲವೇ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಸಿಕ್ಕ ಮೊದಲ ನಂಬರಿಗೆ ಫೋನ್ ಮಾಡುವುದು. ಮೊದಲನೆಯದು ಸಿಕ್ಕಿಬಿದ್ದ ಹಣವನ್ನು ಇಮ್ಮಡಿ ಮಾಡಬಹುದು. ಎರಡನೆಯದರಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಂಥ ನಂಬರುಗಳನ್ನು ವಂಚಕರೇ ಅಂತರ್ಜಾಲದಲ್ಲಿ ಹರಡಿರುತ್ತಾರೆ.

ಹಣ ಹುಡುಕಬೇಕಾದರೆ ಅದು ನಡೆದ ದಾರಿ ಗೊತ್ತಿರಬೇಕು. ಪಿನ್ ಒತ್ತಿದಾಗ ಯುಪಿಐ ಆ್ಯಪ್ ಒಂದು ಕೋರಿಕೆಯನ್ನು ಎನ್‌ಪಿಸಿಐ, ಅಂದರೆ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮಕ್ಕೆ, ಮುಟ್ಟಿಸುತ್ತದೆ. ಎನ್‌ಪಿಸಿಐ ಮೊದಲು ಶಿಕ್ಷಕಿಯ ಬ್ಯಾಂಕಿಗೆ ‘ಇಷ್ಟು ಹಣ ಕಡಿ’ ಎನ್ನುತ್ತದೆ. ಕಡಿದೆ ಎಂಬ ಉತ್ತರ ಬಂದಮೇಲೆ ಹಣ ಪಡೆಯುವ ಬ್ಯಾಂಕಿಗೆ ‘ಇಷ್ಟು ಹಣ ಜಮಾ ಮಾಡು’ ಎನ್ನುತ್ತದೆ. ಮಾಡಿದೆ ಎಂಬ ಉತ್ತರ ಬಂದರೆ ಎರಡೂ ಕಡೆಗೆ ಸುದ್ದಿ ಹೋಗುತ್ತದೆ. ಇಲ್ಲಿಗೆ ಮುಗಿಯಲಿಲ್ಲ. ಬಹಳಷ್ಟು ಬ್ರೋಕರುಗಳು ನಡುವೆ ಒಂದು ಪಾವತಿ ಕಂಪನಿಯನ್ನು ಇಟ್ಟುಕೊಂಡಿರುತ್ತಾರೆ, ಪೇಮೆಂಟ್ ಗೇಟ್‌ವೇ ಎಂದು ಎಲ್ಲರೂ ಕರೆಯುವುದು ಅದನ್ನೇ. ಆ ಕಂಪನಿಯ ಕಂಪ್ಯೂಟರು ಬ್ರೋಕರ್ ಕಂಪ್ಯೂಟರಿಗೆ ‘ಇಂಥ ಗ್ರಾಹಕರಿಂದ ಇಷ್ಟು ಬಂದಿದೆ’ ಎಂದು ತಿಳಿಸಬೇಕು. ಅದು ತಿಳಿದಾಗಲೇ ಶಿಕ್ಷಕಿಯ ಆ್ಯಪ್‌ನ ಸೊನ್ನೆ 40,000 ಆಗುವುದು.

ಇದೆಲ್ಲ ಕೆಲವೇ ಸೆಕೆಂಡುಗಳ ಮಾತು. ಆದರೆ ಆ ಸೆಕೆಂಡುಗಳಲ್ಲಿ ಓಡಾಡಿದ್ದು ಬರೀ ಸುದ್ದಿ. ಬ್ಯಾಂಕಿನಿಂದ ಬ್ಯಾಂಕಿಗೆ ನಿಜವಾದ ಹಣ ಸಾಗುವುದು ಆಮೇಲೆ, ದಿನಕ್ಕೆ ಹಲವು ಸುತ್ತು ನಡೆಯುವ ಲೆಕ್ಕ ತೀರುವಳಿಯಲ್ಲಿ. ಊರಿನ ಅಂಗಡಿಗಳವರು ದಿನವಿಡೀ ಪರಸ್ಪರ ಸಾಮಾನು ತರಿಸಿಕೊಂಡು, ಸಂಜೆ ಪುಸ್ತಕ ತೆರೆದು ಕೊಡುವುದು ಬರುವುದನ್ನು ಕಳೆದು ಒಂದೇ ಮೊತ್ತ ಕೊಟ್ಟುಕೊಳ್ಳುವಂತೆ ಇದು. ಹೀಗಾಗಿ ಹಣ ಕಡಿತವಾಗಿ ಜಮಾ ಆಗದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗಿರುವುದು ದುಡ್ಡಲ್ಲ, ದಾರಿಯಲ್ಲಿ ಒಂದು ಉತ್ತರ. ಯಾರ ಉತ್ತರ ಯಾರಿಗೆ ಮುಟ್ಟಲಿಲ್ಲ ಎಂಬುದು ಗೊತ್ತಾದರೆ ಹಣ ಯಾರ ಪುಸ್ತಕದಲ್ಲಿ ಕೂತಿದೆ ಎಂಬುದೂ ಗೊತ್ತಾಗುತ್ತದೆ.

ಅದು ಕೂರಬಹುದಾದ ಮೊದಲ ಜಾಗ ನಿಮ್ಮ ಬ್ಯಾಂಕೇ. ಬ್ಯಾಂಕು ಹಣ ಕಡಿಯಿತು, ಆದರೆ ‘ಕಡಿದೆ’ ಎಂಬ ಉತ್ತರ ತಡವಾಯಿತು. ಅಷ್ಟರಲ್ಲಿ ಎನ್‌ಪಿಸಿಐ ಕಾದು ಕಾದು ವ್ಯವಹಾರವನ್ನು ರದ್ದು ಮಾಡಿತು. ಆಗ ಯುಪಿಐ ಆ್ಯಪ್ ‘ವಿಫಲ’ ಎಂದು ತೋರಿಸುತ್ತದೆ. ಹಣ ನಿಮ್ಮ ಬ್ಯಾಂಕನ್ನು ಬಿಟ್ಟು ಹೋಗಿಯೇ ಇಲ್ಲ, ಬ್ಯಾಂಕೇ ಅದನ್ನು ಮರಳಿ ಹಾಕಬೇಕು. ಹೆಚ್ಚಿನ ಸಲ ನಿಮಿಷಗಳಲ್ಲಿ, ಅಥವಾ ಅದೇ ದಿನ ಹಾಕುತ್ತದೆ. ಇಂಥ ಪ್ರಕರಣದಲ್ಲಿ ಬ್ರೋಕರಿಗೆ ಎಷ್ಟು ಪತ್ರ ಬರೆದರೂ ‘ನಮ್ಮಲ್ಲಿ ಇಂಥ ಪಾವತಿಯೇ ಇಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ.

ಎರಡನೆಯ ಜಾಗ ಎದುರು ಬ್ಯಾಂಕು. ಎನ್‌ಪಿಸಿಐ ‘ಜಮಾ ಮಾಡು’ ಎಂದು ಕೇಳಿತು, ಉತ್ತರ ಬರಲಿಲ್ಲ. ಜಮಾ ಮಾಡಿ ಉತ್ತರ ಕಳೆದುಹೋಯಿತೋ, ಜಮಾ ಮಾಡಲೇ ಇಲ್ಲವೋ, ಆ ಗಳಿಗೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಂಥದ್ದನ್ನು ಈ ಕ್ಷೇತ್ರದವರು ‘ಡೀಮ್ಡ್’ ವ್ಯವಹಾರ ಎನ್ನುತ್ತಾರೆ. ಆಗಿದೆ ಎಂದು ಸದ್ಯಕ್ಕೆ ಭಾವಿಸಿಕೊಂಡದ್ದು ಎಂದರ್ಥ. ಇದರಲ್ಲಿ ಹಣವನ್ನು ತಕ್ಷಣ ಮರಳಿಸುವುದಿಲ್ಲ, ಏಕೆಂದರೆ ಎದುರು ಕಡೆ ನಿಜಕ್ಕೂ ಜಮಾ ಆಗಿದ್ದರೆ ಒಂದೇ ಹಣ ಎರಡು ಕಡೆ ಸಿಕ್ಕಂತಾಗುತ್ತದೆ. ಎದುರು ಬ್ಯಾಂಕು ತನ್ನ ಪುಸ್ತಕ ನೋಡಿ ಎರಡರಲ್ಲಿ ಒಂದನ್ನು ಹೇಳಬೇಕು: ಜಮಾ ಆಗಿದೆ ಎಂಬ ದೃಢೀಕರಣ, ಅಥವಾ ಹಣ ವಾಪಸ್. ಮೊದಲನೆಯದಕ್ಕೆ ಬ್ಯಾಂಕಿನವರ ಬಾಯಲ್ಲಿ ‘ಟಿಸಿಸಿ’, ಎರಡನೆಯದಕ್ಕೆ ‘ರಿಟರ್ನ್’. ಈ ಎರಡು ಮಾತನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಶಾಖೆಯಲ್ಲಿ ‘ಸರ್, ನನ್ನ ದುಡ್ಡು ಏನಾಯ್ತು’ ಎಂದು ಕೇಳಿದರೆ ‘ಕಾಯಿರಿ ಅಮ್ಮ’ ಎಂಬ ಉತ್ತರ ಬರುತ್ತದೆ. ‘ಈ ನಂಬರಿಗೆ ಎದುರು ಬ್ಯಾಂಕಿನವರು ಟಿಸಿಸಿ ಹಾಕಿದ್ದಾರಾ, ನೋಡಿ ಹೇಳಿ’ ಎಂದರೆ ಕಂಪ್ಯೂಟರ್ ತೆರೆಯಲೇಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಿರಿಕಿರಿಯದು. ಬ್ಯಾಂಕುಗಳ ಮಟ್ಟದಲ್ಲಿ ಎಲ್ಲ ಸರಿಯಾಗಿದೆ, ಯುಪಿಐ ಆ್ಯಪ್‌ನಲ್ಲಿ ಹಸಿರು ಗುರುತು ಬಿದ್ದಿದೆ. ಪಾವತಿ ಕಂಪನಿಯಿಂದ ಬ್ರೋಕರಿಗೆ ಹೋಗಬೇಕಾದ ಸುದ್ದಿ ಮಾತ್ರ ಹೋಗಿಲ್ಲ, ಅಥವಾ ತಡವಾಗಿ ಹೋಗಿದೆ. ಹಣ ಪಾವತಿ ಕಂಪನಿಯ ಎಸ್ಕ್ರೋ ಖಾತೆಯಲ್ಲೋ, ಗ್ರಾಹಕರ ಹಣಕ್ಕೆಂದೇ ಬ್ರೋಕರ್ ಇಟ್ಟಿರುವ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲೋ ಹೆಸರಿಲ್ಲದೆ ಬಿದ್ದಿರುತ್ತದೆ. ನಿಮ್ಮ ಬ್ಯಾಂಕು ‘ಸಕ್ಸಸ್ ಆಗಿದೆ, ಬ್ರೋಕರನ್ನು ಕೇಳಿ’ ಎನ್ನುತ್ತದೆ, ಬ್ರೋಕರ್ ‘ಬಂದಿಲ್ಲ, ಬ್ಯಾಂಕನ್ನು ಕೇಳಿ’ ಎನ್ನುತ್ತಾರೆ. ನೀವು ನಡುವೆ.

ಹೀಗೆ ನಡುವೆ ಸಿಕ್ಕವರ ಕೈಯಲ್ಲಿರುವ ಸಾಧನ ಒಂದೇ, 12 ಅಂಕಿಗಳ ಒಂದು ಸಂಖ್ಯೆ. ಬ್ಯಾಂಕಿನವರು ಅದನ್ನು ಆರ್‌ಆರ್‌ಎನ್ ಎನ್ನುತ್ತಾರೆ, ಉಳಿದವರು ಯುಟಿಆರ್ ಎನ್ನುತ್ತಾರೆ. ಯುಪಿಐನಲ್ಲಿ ಎರಡೂ ಒಂದೇ. ದಾರಿಯಲ್ಲಿರುವ ಎಲ್ಲರ ಪುಸ್ತಕದಲ್ಲೂ, ನಿಮ್ಮ ಬ್ಯಾಂಕು, ಎನ್‌ಪಿಸಿಐ, ಎದುರು ಬ್ಯಾಂಕು, ಪಾವತಿ ಕಂಪನಿ, ಈ ವ್ಯವಹಾರ ಇದೇ ಸಂಖ್ಯೆಯಲ್ಲಿ ದಾಖಲಾಗಿರುತ್ತದೆ. ಸಾಮಾನ್ಯವಾಗಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದು. ನವೆಂಬರ್ 10 ಎಂದರೆ 2025ರ 314ನೇ ದಿನ, ಹಾಗಾಗಿ ಶಿಕ್ಷಕಿಯ ಸಂಖ್ಯೆ 5314 ಎಂದು ಶುರುವಾಗುವ ಸಂಭವ ಹೆಚ್ಚು. ಬೇರೆ ದಿನದ ಪಾವತಿಯ ನಂಬರನ್ನು ತಪ್ಪಿ ಬರೆದಿದ್ದೇವೆಯೇ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಲು ಇದು ಸಾಕು.

ತೊಡಕು ಎಂದರೆ ಆ್ಯಪ್‌ನಲ್ಲಿ ಕಾಣುವುದು ಇದೊಂದೇ ಸಂಖ್ಯೆಯಲ್ಲ. ಗೂಗಲ್ ಪೇಯಲ್ಲಿ ‘UPI transaction ID’ ಎಂದು ಇರುವುದು ನಮಗೆ ಬೇಕಾದ 12 ಅಂಕಿ. ಅದರ ಕೆಳಗೆ ‘Google transaction ID’ ಎಂದು ಅಕ್ಷರ ಅಂಕಿ ಬೆರೆತದ್ದು ಇನ್ನೊಂದಿದೆ, ಅದು ಗೂಗಲ್‌ನ ಒಳಗಿನ ಲೆಕ್ಕ. ಫೋನ್‌ಪೇಯಲ್ಲಿ T ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಅವರದ್ದೇ ಒಳಲೆಕ್ಕ, ಬೇಕಾದದ್ದು ‘UTR’ ಎಂದು ಬರೆದಿರುವುದು. ಒಳಲೆಕ್ಕದ ನಂಬರು ಬ್ರೋಕರ್ ಕಚೇರಿಯಲ್ಲಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಎಷ್ಟೋ ದೂರುಗಳು ದಿನಗಟ್ಟಲೆ ಕೂರುವುದು ಇಷ್ಟೇ ಕಾರಣಕ್ಕೆ. ಅನುಮಾನ ಬಂದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆ ಕಡಿತದ ಸಾಲು ನೋಡಿ. UPI ಎಂಬ ಪದದ ಅಕ್ಕಪಕ್ಕ ಇರುವ 12 ಅಂಕಿಯೇ ಅದು.

ಸ್ಟೇಟ್‌ಮೆಂಟ್ ನೋಡಲು ಇನ್ನೊಂದು ಕಾರಣವಿದೆ. ಮೆಸೇಜ್ ಬರೀ ಸುದ್ದಿ, ಸ್ಟೇಟ್‌ಮೆಂಟ್ ಪುಸ್ತಕ. ಕಡಿತದ ಮೆಸೇಜ್ ಬಂದು, ಎರಡು ನಿಮಿಷಕ್ಕೆ ಹಣ ಮರಳಿ ಬಂದು, ಮರಳಿದ ಮೆಸೇಜ್ ಮಾತ್ರ ಬಾರದೇ ಇರುವುದುಂಟು. ಹಾಗೆಯೇ ಬ್ರೋಕರ್ ಆ್ಯಪ್‌ನ ಮುಖಪುಟದಲ್ಲಿರುವ ಮೊತ್ತವನ್ನಷ್ಟೇ ನಂಬಬಾರದು, ‘ಲೆಡ್ಜರ್’ ಅಥವಾ ‘ಫಂಡ್ಸ್ ಸ್ಟೇಟ್‌ಮೆಂಟ್’ ತೆರೆಯಬೇಕು. ಹಿಂದಿನ ಖರೀದಿಯ ಬಾಕಿಯೋ ವಾರ್ಷಿಕ ಶುಲ್ಕವೋ ಉಳಿದಿದ್ದರೆ ಬಂದ ಹಣ ನೇರ ಅದಕ್ಕೆ ವಜಾ ಆಗಿರುತ್ತದೆ. ಅಂಥವರ ಪಾಲಿಗೆ ಹಣ ಬಂದೂ ಬಾರದಂತೆ ಕಾಣುತ್ತದೆ.

ಈಗ ಶಿಕ್ಷಕಿಯ ಕಡೆಗೆ ಬರೋಣ. ಲೆಡ್ಜರ್‌ನಲ್ಲಿ ಏನೂ ಇಲ್ಲ. ಹತ್ತು ಗಂಟೆಗೆ ಯುಪಿಐ ಆ್ಯಪ್ ಮತ್ತೆ ತೆರೆದರೆ ‘ಪೆಂಡಿಂಗ್’ ಇದ್ದದ್ದು ‘ಸಕ್ಸಸ್’ ಆಗಿದೆ. ಅಂದರೆ ಹಣ ತಮ್ಮ ಬ್ಯಾಂಕಿನಲ್ಲಿ ಉಳಿದಿಲ್ಲ. ಇನ್ನು ಕೇಳಬೇಕಾದದ್ದು ಬ್ರೋಕರನ್ನು, ಅದೂ ಫೋನಿನಲ್ಲಲ್ಲ, ಬರಹದಲ್ಲಿ. ಆ್ಯಪ್‌ನ ಒಳಗೇ ಇರುವ ಟಿಕೆಟ್ ಅಥವಾ ನೋಂದಾಯಿತ ಇ-ಮೇಲ್ ಮೂಲಕ ಅವರು ಬರೆದದ್ದು ಇಷ್ಟು:

‘ನನ್ನ ಕ್ಲೈಂಟ್ ಐಡಿ ಇಂಥದ್ದು. 2025ರ ನವೆಂಬರ್ 10ರಂದು ಬೆಳಗ್ಗೆ 9.09ಕ್ಕೆ, ನಿಮ್ಮಲ್ಲಿ ನೋಂದಾಯಿಸಿರುವ, ಕೊನೆಯ ನಾಲ್ಕು ಅಂಕಿ ಇಂಥವು ಆಗಿರುವ ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ 40,000 ರೂ. ಪಾವತಿಸಿದ್ದೇನೆ. ಯುಟಿಆರ್ ಸಂಖ್ಯೆ ಇಂಥದ್ದು. ಹಣ ಪಡೆದ ಯುಪಿಐ ಐಡಿ ಇಂಥದ್ದು. ಲೆಡ್ಜರ್‌ಗೆ ಜಮಾ ಆಗಿಲ್ಲ. ಈ ಯುಟಿಆರ್ ಅನ್ನು ನಿಮ್ಮ ಪಾವತಿ ಕಂಪನಿಯ ದಾಖಲೆಯಲ್ಲೂ ಗ್ರಾಹಕರ ಹಣದ ಬ್ಯಾಂಕ್ ಖಾತೆಯಲ್ಲೂ ಹುಡುಕಿ, ಜಮಾ ಮಾಡಿದ್ದೀರೋ ಮರಳಿಸಿದ್ದೀರೋ ತಿಳಿಸಿ. ಮರಳಿಸಿದ್ದರೆ ರೀಫಂಡ್‌ನ ಸಂಖ್ಯೆ ಮತ್ತು ದಿನಾಂಕ ಕೊಡಿ.’

ಜೊತೆಗೆ ಸ್ಟೇಟ್‌ಮೆಂಟ್‌ನ ಆ ಪುಟದ ಪಿಡಿಎಫ್. ಪಾವತಿಯ ಸ್ಕ್ರೀನ್‌ಶಾಟ್ ಸೃಷ್ಟಿಸುವ ನಕಲಿ ಆ್ಯಪ್‌ಗಳೇ ಇರುವ ಕಾಲದಲ್ಲಿ ಬರೀ ಸ್ಕ್ರೀನ್‌ಶಾಟನ್ನು ಯಾವ ಕಚೇರಿಯೂ ಪುರಾವೆಯಾಗಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಪಿನ್, ಒಟಿಪಿ, ಕಾರ್ಡ್ ನಂಬರು ಈ ಪತ್ರದಲ್ಲಿ ಎಲ್ಲೂ ಬೇಕಿಲ್ಲ. ಕೇಳಿದವರಿದ್ದರೆ ಅವರು ಬ್ರೋಕರ್ ಕಡೆಯವರಲ್ಲ.

ಸಂಜೆ ಉತ್ತರ ಬಂತು: ‘ನಮ್ಮ ದಾಖಲೆಯಲ್ಲಿ ಈ ಪಾವತಿ ಕಾಣುತ್ತಿಲ್ಲ, ದಯವಿಟ್ಟು ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ.’ ಮೊದಲ ಉತ್ತರ ಬಹುತೇಕ ಹೀಗೇ ಇರುತ್ತದೆ. ಮೊದಲು ಪತ್ರ ನೋಡಿದ ಸಿಬ್ಬಂದಿ ಲೆಡ್ಜರನ್ನಷ್ಟೇ ಹುಡುಕಿರುತ್ತಾರೆ, ಪಾವತಿ ಕಂಪನಿಯ ದಾಖಲೆ ಅವರ ಪರದೆಯ ಮೇಲೆ ಇರುವುದಿಲ್ಲ. ಶಿಕ್ಷಕಿ ಮರುದಿನ ಬ್ಯಾಂಕಿಗೆ ಹೋಗಿ ಆ 12 ಅಂಕಿ ಕೊಟ್ಟು ಎದುರು ಬ್ಯಾಂಕಿನ ಉತ್ತರ ಏನಿದೆ ಎಂದು ಕೇಳಿದರು. ಜಮಾ ದೃಢವಾಗಿತ್ತು. ಅದನ್ನು ಬ್ಯಾಂಕಿನ ಇ-ಮೇಲ್‌ನಲ್ಲಿ ಬರೆಸಿಕೊಂಡು ಹಳೆಯ ಟಿಕೆಟ್‌ಗೇ ಸೇರಿಸಿದರು. ಹೊಸ ಟಿಕೆಟ್ ತೆರೆಯಲಿಲ್ಲ, ತೆರೆದಿದ್ದರೆ ಹೊಸ ಸಿಬ್ಬಂದಿಯೊಬ್ಬರು ಮತ್ತೆ ಮೊದಲ ಉತ್ತರವನ್ನೇ ಕೊಡುತ್ತಿದ್ದರು.

ಬುಧವಾರ ವಿಷಯ ಹೊರಬಂತು. ಹಣ ಸೇರಿಸುವ ಗುಂಡಿ ಒತ್ತಿದಾಗ ಬ್ರೋಕರ್ ಆ್ಯಪ್ ಪಾವತಿ ಕಂಪನಿಯಲ್ಲಿ ಒಂದು ‘ಆರ್ಡರ್’ ತೆರೆಯುತ್ತದೆ. ಅದಕ್ಕೆ ಆಯುಸ್ಸು ಕೆಲವು ನಿಮಿಷ. ಪೇಟೆ ತೆರೆಯುವ ಹೊತ್ತಿನ ನೂಕುನುಗ್ಗಲಲ್ಲಿ ಬ್ಯಾಂಕಿನ ಉತ್ತರ ಬಂದದ್ದು ಆ ಆಯುಸ್ಸು ಮುಗಿದಮೇಲೆ. ಬ್ರೋಕರ್ ಪುಸ್ತಕದಲ್ಲಿ ಆ ಆರ್ಡರ್ ಆಗಲೇ ‘ವಿಫಲ’ ಎಂದು ಮುಚ್ಚಿತ್ತು. ಮುಚ್ಚಿದ ಆರ್ಡರಿಗೆ ತಡವಾಗಿ ಬಂದ ಹಣವನ್ನು ಪಾವತಿ ಕಂಪನಿ ತಾನಾಗಿಯೇ ರೀಫಂಡಿಗೆ ಹಾಕಿತ್ತು. ರೀಫಂಡಿಗೆ ಬೇರೆಯದೇ ಸಂಖ್ಯೆ ಇರುತ್ತದೆ. ಬ್ರೋಕರ್ ಅದನ್ನು ಕೊಟ್ಟರು. ಶುಕ್ರವಾರ, ನವೆಂಬರ್ 14ರಂದು, 40,000 ರೂಪಾಯಿ ಖಾತೆಗೆ ಮರಳಿತು. ಸ್ಟೇಟ್‌ಮೆಂಟ್‌ನಲ್ಲಿ ಅದು ಹಳೆಯ ಸಂಖ್ಯೆಯಲ್ಲಿ ಬಾರದೆ ಹೊಸ ಸಂಖ್ಯೆಯಲ್ಲಿ ಬಂದಿತ್ತು. ಹಳೆಯದನ್ನೇ ಹುಡುಕುತ್ತ ಕೂತಿದ್ದರೆ ಹಣ ಬಂದದ್ದೂ ತಿಳಿಯುತ್ತಿರಲಿಲ್ಲ.

ಹಣ ಮರಳಲು ಇಷ್ಟು ದಿನ ಬೇಕೇ ಎಂದರೆ, ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಇದಕ್ಕೊಂದು ಗಡುವು ಹಾಕಿದೆ. ಯುಪಿಐನಲ್ಲಿ ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಯ ಕಡೆ ದೃಢೀಕರಣ ಮುಟ್ಟದಿದ್ದರೆ, ವ್ಯವಹಾರ ನಡೆದ ದಿನ ಬಿಟ್ಟು ಐದು ದಿನದೊಳಗೆ ಹಣ ತಾನಾಗಿ ಮರಳಬೇಕು. ಮರಳದಿದ್ದರೆ ಆರನೆಯ ದಿನದಿಂದ ದಿನಕ್ಕೆ 100 ರೂಪಾಯಿ ಪರಿಹಾರ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳಿಸಿದ ಹಣವಾದರೆ ಗಡುವು ಒಂದೇ ದಿನ. ಇವು ಕ್ಯಾಲೆಂಡರ್ ದಿನಗಳು, ಭಾನುವಾರವೂ ಲೆಕ್ಕಕ್ಕುಂಟು. ಶಿಕ್ಷಕಿಯ ಗಡುವು ನವೆಂಬರ್ 15. ಹಣ 18ಕ್ಕೆ ಬಂದಿದ್ದರೆ ಮೂರು ದಿನದ 300 ರೂಪಾಯಿ ಅವರಿಗೆ ಸಲ್ಲಬೇಕಿತ್ತು. ಗ್ರಾಹಕರು ದೂರು ಕೊಡಲಿ, ಕೊಡದಿರಲಿ, ಈ ಪರಿಹಾರವನ್ನು ತಾನಾಗಿಯೇ ಕೊಡಬೇಕು ಎಂದು ಆ ಸುತ್ತೋಲೆಯಲ್ಲಿದೆ. ಸ್ಟೇಟ್‌ಮೆಂಟ್‌ನಲ್ಲಿ ಪ್ರತ್ಯೇಕ ಸಾಲಾಗಿ ಕಾಣದಿದ್ದರೆ ಸುತ್ತೋಲೆಯ ದಿನಾಂಕ ನಮೂದಿಸಿ ಕೇಳಿ.

ಆದರೆ ಈ ನೂರು ರೂಪಾಯಿಗೂ ಒಂದು ಮಿತಿ ಇದೆ. ನಿಯಮ ಇರುವುದು ವಿಫಲವಾದ ವ್ಯವಹಾರಕ್ಕೆ. ಬ್ಯಾಂಕುಗಳ ನಡುವೆ ಎಲ್ಲವೂ ಸಕ್ಸಸ್ ಆಗಿ, ಹಣ ಬ್ರೋಕರ್ ಖಾತೆಗೇ ಸೇರಿ, ಅವರು ನಿಮ್ಮ ಹೆಸರಿಗೆ ಬರೆಯಲು ವಾರ ತೆಗೆದುಕೊಂಡರೆ ಬ್ಯಾಂಕನ್ನು ದೂರಿ ಫಲವಿಲ್ಲ. ಅದು ಬ್ರೋಕರ್ ಮೇಲಿನ ದೂರು, ಅದರ ದಾರಿ ಬೇರೆ.

ಹಣ ಬ್ರೋಕರ್ ಬಳಿ ತಲುಪಿಯೂ ಜಮಾ ಆಗದಿರಲು ಇನ್ನೊಂದು ದೊಡ್ಡ ಕಾರಣವಿದೆ, ಅದರಲ್ಲಿ ಯಂತ್ರದ ದೋಷವೇನೂ ಇರುವುದಿಲ್ಲ. ಬ್ರೋಕರ್ ತನ್ನ ಗ್ರಾಹಕರ ಸ್ವಂತ ಖಾತೆಯಿಂದ ಬಂದ ಹಣವನ್ನಷ್ಟೇ ತೆಗೆದುಕೊಳ್ಳಬೇಕು, ಮೂರನೆಯವರ ಹಣ ಕೂಡದು ಎಂಬುದು ಸೆಬಿಯ ನಿಯಮ. ಗಂಡನ ಖಾತೆಯಿಂದ ಹೆಂಡತಿಯ ಟ್ರೇಡಿಂಗ್ ಖಾತೆಗೆ ಹಾಕುವಂತಿಲ್ಲ. ಸ್ವಂತದ್ದೇ ಆದರೂ ಬ್ರೋಕರ್ ಬಳಿ ನೋಂದಾಯಿಸದ ಖಾತೆಯಾದರೆ ಯಾರದೆಂದು ಅವರಿಗೆ ತಿಳಿಯುವುದಿಲ್ಲ. ಯುಪಿಐ ಆ್ಯಪ್‌ಗೆ ಎರಡು ಬ್ಯಾಂಕ್ ಖಾತೆ ಜೋಡಿಸಿಕೊಂಡವರು ಇಲ್ಲಿ ಎಡವುತ್ತಾರೆ, ಆತುರದಲ್ಲಿ ಮೊದಲು ಕಂಡ ಖಾತೆಯಿಂದ ಪಿನ್ ಹಾಕಿಬಿಡುತ್ತಾರೆ. ಕೆಲವೊಮ್ಮೆ ಪಾವತಿ ಅಲ್ಲೇ ತಡೆಯಲ್ಪಡುತ್ತದೆ. ಕೆಲವೊಮ್ಮೆ ಹಣ ಹೋಗಿ, ಖಾತೆ ಹೊಂದದೆ, ಕೆಲವು ದಿನದಲ್ಲಿ ಬಂದ ದಾರಿಯಲ್ಲೇ ಮರಳುತ್ತದೆ.

ನಮ್ಮ ರಾಜ್ಯದವರಿಗೆ ಇದರಲ್ಲಿ ಹೆಚ್ಚುವರಿ ಗೋಜಲೊಂದಿದೆ. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಇಂಥ ವಿಲೀನದಲ್ಲಿ ಐಎಫ್‌ಎಸ್‌ಸಿ ಬದಲಾಗುತ್ತದೆ, ಎಷ್ಟೋ ಸಲ ಖಾತೆ ಸಂಖ್ಯೆಯೂ ಬದಲಾಗುತ್ತದೆ. ವರ್ಷಗಳ ಹಿಂದೆ ಡಿಮ್ಯಾಟ್ ತೆರೆದು ಆಮೇಲೆ ಮುಟ್ಟದೇ ಇದ್ದವರ ದಾಖಲೆಯಲ್ಲಿ ಇನ್ನೂ ಹಳೆಯ ನಂಬರೇ ಇರಬಹುದು. ಹಣ ಹಾಕುವ ಮೊದಲು ಬ್ರೋಕರ್ ಆ್ಯಪ್‌ನ ಪ್ರೊಫೈಲ್‌ನಲ್ಲಿ ಬ್ಯಾಂಕ್ ವಿವರ ತೆರೆದು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವುದು ಒಂದು ನಿಮಿಷದ ಕೆಲಸ.

ಯುಪಿಐ ಬಿಟ್ಟು ನೆಫ್ಟ್ ಮಾಡಿದವರ ಯುಟಿಆರ್ 16 ಅಕ್ಷರಗಳದ್ದು, ಆರ್‌ಟಿಜಿಎಸ್ ಆದರೆ 22. ನೆಫ್ಟ್ ಅರ್ಧ ಗಂಟೆಗೊಮ್ಮೆ ಗುಂಪಾಗಿ ಸಾಗುವುದರಿಂದ ಒಂದೆರಡು ಗಂಟೆ ತಡವಾದರೆ ಗಾಬರಿ ಬೇಡ. ಗುಂಪಿನ ತೀರುವಳಿಯಾದ ಎರಡು ಗಂಟೆಯೊಳಗೆ ಎದುರು ಬ್ಯಾಂಕು ಜಮಾ ಮಾಡಬೇಕು, ಇಲ್ಲವೇ ಮರಳಿಸಬೇಕು. ತಡವಾದರೆ ಇಲ್ಲಿ ದಿನಕ್ಕೆ ನೂರರ ಲೆಕ್ಕವಿಲ್ಲ, ರೆಪೊ ದರಕ್ಕೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು.

ಬ್ಯಾಂಕಿನಲ್ಲಿ ದೂರು ಹಾಕುವಾಗ ಒಂದು ಎಚ್ಚರ. ಬ್ರೋಕರ್ ಹುಡುಕುತ್ತಿರುವಾಗಲೇ ಬ್ಯಾಂಕಿನಲ್ಲಿ ‘ಹಣ ವಾಪಸ್ ಬೇಕು’ ಎಂಬ ಚಾರ್ಜ್‌ಬ್ಯಾಕ್ ಹಾಕಿದರೆ ಎರಡೂ ಕಡೆಯಿಂದ ಹಣ ಸಿಗುವ ಸಾಧ್ಯತೆ ಇದೆ. ಬ್ರೋಕರ್ ಲೆಡ್ಜರ್‌ಗೆ 40,000 ಹಾಕಿದರು, ಅದರಲ್ಲಿ ಷೇರು ಕೊಂಡಾಯಿತು, ವಾರ ಬಿಟ್ಟು ಚಾರ್ಜ್‌ಬ್ಯಾಕ್ ಮಂಜೂರಾಗಿ ಅದೇ ಹಣ ಅವರ ಖಾತೆಯಿಂದ ಹೊರಟಿತು ಎಂದುಕೊಳ್ಳಿ. ಲೆಡ್ಜರ್ 40,000 ಋಣಕ್ಕೆ ಇಳಿಯುತ್ತದೆ, ಋಣಕ್ಕೆ ಬಡ್ಡಿ ಬೀಳುತ್ತದೆ, ತುಂಬದಿದ್ದರೆ ಷೇರನ್ನೇ ಮಾರಬಹುದು. ಆದ್ದರಿಂದ ಬ್ಯಾಂಕನ್ನು ಮೊದಲು ಸ್ಥಿತಿ ಕೇಳಿ, ಹಣ ಕೇಳಬೇಡಿ. ಲೆಡ್ಜರ್‌ಗೆ ಬೇಕೋ ಖಾತೆಗೆ ವಾಪಸ್ ಬೇಕೋ ಎಂಬುದನ್ನು ತೀರ್ಮಾನಿಸಿ, ಒಂದನ್ನೇ ಕೇಳಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಬ್ರೋಕರ್ ಅಸಲಿ ಎಂಬ ನಂಬಿಕೆಯ ಮೇಲೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಲಿಂಕಿನಿಂದ ಇಳಿಸಿಕೊಂಡ ‘ಟ್ರೇಡಿಂಗ್ ಆ್ಯಪ್’ ಆಗಿದ್ದರೆ ಯುಟಿಆರ್ ಹಿಡಿದು ಅವರ ಸಹಾಯವಾಣಿಯೊಂದಿಗೆ ಚರ್ಚಿಸುವುದು ಕಾಲಹರಣ. ಸ್ಟೇಟ್‌ಮೆಂಟ್‌ನಲ್ಲಿ ಹಣ ಪಡೆದವರ ಹೆಸರು ಓದಿ. ಬ್ರೋಕರ್ ಕಂಪನಿಯ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರೋ ಸಂಬಂಧವಿಲ್ಲದ ಟ್ರೇಡರ್ಸ್ ಒಂದರ ಹೆಸರೋ ಇದ್ದರೆ, ಪ್ರತಿ ಸಲ ಬೇರೆ ಖಾತೆ ಕೊಡುತ್ತಿದ್ದರೆ, ‘ಹಿಂದಿನದು ಜಮಾ ಆಗಲು ಇನ್ನಷ್ಟು ಹಾಕಿ’ ಎನ್ನುತ್ತಿದ್ದರೆ, ಅದು ತಾಂತ್ರಿಕ ತೊಂದರೆಯಲ್ಲ, ಮೋಸ. ತಕ್ಷಣ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಬೇಕು. ಅಲ್ಲೂ ಕೇಳುವುದು ಅದೇ 12 ಅಂಕಿಯನ್ನು, ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು. 2025ರ ಅಕ್ಟೋಬರ್ 1ರಿಂದ ಸೆಬಿ ನೋಂದಾಯಿತ ಸಂಸ್ಥೆಗಳಿಗೆ ಬೇರೆಯದೇ ರೀತಿಯ ಯುಪಿಐ ಐಡಿ ಬಂದಿದೆ. ಬ್ರೋಕರ್ ಆದರೆ ಹೆಸರಿನ ಮುಂದೆ .brk, ಮ್ಯೂಚುವಲ್ ಫಂಡ್ ಆದರೆ .mf, ಆಮೇಲೆ @valid ಮತ್ತು ಬ್ಯಾಂಕಿನ ಹೆಸರು. ಸೆಬಿಯ ‘SEBI Check’ ಎಂಬ ಸೌಲಭ್ಯದಲ್ಲಿ ಆ ಐಡಿ ಹಾಕಿದರೆ ಅದು ಯಾರದೆಂದು ತಿಳಿಯುತ್ತದೆ.

ಅಸಲಿ ಬ್ರೋಕರೇ ಸುಮ್ಮನೆ ಕೂತರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ, scores.sebi.gov.in ನಲ್ಲಿ, ದೂರು ಕೊಡಬಹುದು. ಅಲ್ಲಿ ಉತ್ತರಕ್ಕೆ 21 ದಿನದ ಗಡುವು. ಹಣ ಬ್ಯಾಂಕಿನ ಕಡೆಯೇ ನಿಂತಿದ್ದರೆ ಮೊದಲು ಬ್ಯಾಂಕಿಗೆ ಬರಹದ ದೂರು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, cms.rbi.org.in ನಲ್ಲಿ. ಸ್ಕೋರ್ಸ್‌ನಲ್ಲಿ ಬ್ಯಾಂಕನ್ನೂ ಒಂಬುಡ್ಸ್‌ಮನ್ ಬಳಿ ಬ್ರೋಕರನ್ನೂ ದೂರಿದರೆ ಅರ್ಜಿ ವಾಪಸ್ ಬರುತ್ತದೆ. ಹಣ ಎಲ್ಲಿ ನಿಂತಿದೆ ಎಂದು ಮೊದಲೇ ಖಚಿತಪಡಿಸಿಕೊಂಡವರಿಗೆ ಈ ಅಲೆದಾಟ ತಪ್ಪುತ್ತದೆ.

ಯಾರ ಬಳಿ ಹೋದರೂ ಸುಲಭಕ್ಕೆ ಸಿಗದ ಒಂದು ನಷ್ಟ ಉಳಿಯುತ್ತದೆ. ಶಿಕ್ಷಕಿ ಸೋಮವಾರ ಕೊಳ್ಳಬೇಕೆಂದಿದ್ದ ಷೇರು ಶುಕ್ರವಾರದ ಹೊತ್ತಿಗೆ ಏರಿದ್ದರೆ ಆ ವ್ಯತ್ಯಾಸಕ್ಕೆ ಮೇಲಿನ ಯಾವ ನಿಯಮದಲ್ಲೂ ಪರಿಹಾರ ಬರೆದಿಲ್ಲ. ಮಾರ್ಜಿನ್ ಕೊರತೆ ತುಂಬಲು ಕಳಿಸಿದ ಹಣ ನಡುದಾರಿಯಲ್ಲಿ ನಿಂತರೆ ಕೊರತೆಯ ದಂಡ ಬೀಳಬಹುದು, ಪೊಸಿಷನ್ನನ್ನು ಬ್ರೋಕರ್ ಮುಚ್ಚಲೂಬಹುದು. ಕಡಿತದ ಪುರಾವೆ ತೋರಿಸಿ ಮನವಿ ಮಾಡಬಹುದೇ ಹೊರತು ಹಕ್ಕಿನಿಂದ ಕೇಳಲಾಗದು. ಪೇಟೆ ತೆರೆಯುವ ಹೊತ್ತಿಗೆ ಬೇಕಾದ ಹಣವನ್ನು ಹಿಂದಿನ ಸಂಜೆಯೇ ಹಾಕಿಡುವವರು ಇದೇ ಕಾರಣಕ್ಕೆ ಹಾಗೆ ಮಾಡುತ್ತಾರೆ. ಉತ್ತರ ತಡವಾದರೂ ಹುಡುಕಲು ಒಂದು ರಾತ್ರಿ ಕೈಯಲ್ಲಿರುತ್ತದೆ.